ಗಿನಿ, ಲೂಯಿ ಮತ್ತು ಒಂದು ಶಿಲಿಂಗಿನ ಸಾಲ

ನಿಮ್ಮ ಜೇಬಿನಲ್ಲಿ ಐದು ರೂಪಾಯಿಯ ಮತ್ತು ಎರಡು ರೂಪಾಯಿಯ ನಾಣ್ಯಗಳು ಮಾತ್ರ ಬೇಕಾದಷ್ಟು ಇವೆ ಎಂದುಕೊಳ್ಳೋಣ. ಅಂಗಡಿಯಲ್ಲಿ 47 ರೂಪಾಯಿ ಕೊಡಬೇಕು, ಚಿಲ್ಲರೆ ವಾಪಸು ಸಿಗುವುದಿಲ್ಲ. ಐದರ ನಾಣ್ಯಗಳು x, ಎರಡರ ನಾಣ್ಯಗಳು y ಎಂದು ಬರೆದರೆ 5x + 2y = 47 ಎಂಬ ಸಮೀಕರಣ ಸಿಗುತ್ತದೆ. ಶಾಲೆಯಲ್ಲಿ ನಾವು ಕಲಿತಿರುವಂತೆ ಎರಡು ಅಜ್ಞಾತಗಳನ್ನು ಕಂಡುಹಿಡಿಯಲು ಎರಡು ಸಮೀಕರಣಗಳು ಬೇಕು. ಇಲ್ಲಿ ಇರುವುದು ಒಂದೇ. ಆದರೆ ಬೇರೊಂದು ನಿರ್ಬಂಧವಿದೆ: ನಾಣ್ಯವನ್ನು ಮುರಿದು ಅರ್ಧ ಕೊಡಲಾಗುವುದಿಲ್ಲ, ಆದ್ದರಿಂದ x ಮತ್ತು y ಎರಡೂ ಪೂರ್ಣಾಂಕಗಳಾಗಿರಬೇಕು. ಈ ನಿರ್ಬಂಧವೇ ಎರಡನೆಯ ಸಮೀಕರಣದ ಬಹುಪಾಲು ಕೆಲಸವನ್ನು ಮಾಡಿಬಿಡುತ್ತದೆ. 47 ಬೆಸ ಸಂಖ್ಯೆಯಾದ್ದರಿಂದ ಐದರ ನಾಣ್ಯಗಳ ಸಂಖ್ಯೆಯೂ ಬೆಸವಾಗಿರಲೇಬೇಕು. ಒಂದು ಐದರ ನಾಣ್ಯಕ್ಕೆ 21 ಎರಡರ ನಾಣ್ಯಗಳು, ಮೂರಕ್ಕೆ 16, ಐದಕ್ಕೆ 11, ಏಳಕ್ಕೆ 6, ಒಂಬತ್ತಕ್ಕೆ 1. ಹೀಗೆ ಒಟ್ಟು ಐದು ವಿಧಾನಗಳಿವೆ, ಆರನೆಯದು ಇಲ್ಲ.

ನಮ್ಮ ಈಗಿನ ನಾಣ್ಯಗಳಲ್ಲಿ ಇದಕ್ಕಿಂತ ಕಠಿಣವಾದ ಉದಾಹರಣೆ ಸಿಗುವುದಿಲ್ಲ. 1, 2, 5, 10, 20 ರೂಪಾಯಿಗಳ ನಾಣ್ಯಗಳಲ್ಲಿ ಯಾವ ಎರಡನ್ನು ಆರಿಸಿಕೊಂಡರೂ ಚಿಕ್ಕದು ದೊಡ್ಡದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಎರಡು ಮತ್ತು ಐದರ ಜೋಡಿ ಮಾತ್ರ ಇದಕ್ಕೆ ಹೊರತು. ಚಿಕ್ಕದು ದೊಡ್ಡದನ್ನು ಭಾಗಿಸುವಾಗ ದೊಡ್ಡ ನಾಣ್ಯದಿಂದ ಆಗುವ ಕೆಲಸವೆಲ್ಲ ಚಿಕ್ಕ ನಾಣ್ಯದಿಂದಲೂ ಆಗುತ್ತದೆ. ಗಣಿತಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಹದಿನೆಂಟನೆಯ ಶತಮಾನದ ಇಂಗ್ಲೆಂಡಿಗೆ ಹೋಗೋಣ.

ಅಲ್ಲಿ ಗಿನಿ ಎಂಬ ಚಿನ್ನದ ನಾಣ್ಯ ಚಲಾವಣೆಯಲ್ಲಿತ್ತು. 1663ರಲ್ಲಿ ಅದನ್ನು ಮೊದಲು ಟಂಕಿಸಿದಾಗ ಅದರ ಬೆಲೆ 20 ಶಿಲಿಂಗ್ ಆಗಬೇಕೆಂಬ ಉದ್ದೇಶವಿತ್ತು. ಆದರೆ ಶಿಲಿಂಗ್ ಬೆಳ್ಳಿಯದು, ಗಿನಿ ಚಿನ್ನದ್ದು. ಎರಡು ಲೋಹಗಳ ಬೆಲೆ ಒಂದರ ಎದುರು ಇನ್ನೊಂದು ಏರಿಳಿಯುತ್ತಿದ್ದುದರಿಂದ ಗಿನಿಯ ಬೆಲೆಯೂ ಅಲುಗಾಡುತ್ತಿತ್ತು. 1690ರ ದಶಕದಲ್ಲಿ ಅದು 30 ಶಿಲಿಂಗಿನವರೆಗೂ ಹೋಗಿತ್ತು. ಆಗ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಐಸಾಕ್ ನ್ಯೂಟನ್ 1717ರಲ್ಲಿ ಸಲ್ಲಿಸಿದ ವರದಿಯನ್ನು ಅನುಸರಿಸಿ ಸರಕಾರ ಗಿನಿಯ ಬೆಲೆಯನ್ನು 21 ಶಿಲಿಂಗ್ ಎಂದು ಗೊತ್ತುಪಡಿಸಿತು. ಇದೇ ಕಾಲದಲ್ಲಿ ಫ್ರಾನ್ಸಿನ ಚಿನ್ನದ ನಾಣ್ಯ ಲೂಯಿ ದೋರ್ ಕೂಡ ವ್ಯಾಪಾರಿಗಳ ಕೈಯಲ್ಲಿ ಓಡಾಡುತ್ತಿತ್ತು. ಇಂಗ್ಲಿಷ್ ಅಂಕಗಣಿತದ ಲೆಕ್ಕಗಳಲ್ಲಿ ಅದನ್ನು ದುಂಡಾಗಿ 17 ಶಿಲಿಂಗ್ ಎಂದು ಹಿಡಿಯುತ್ತಿದ್ದರು. ಅದರಿಂದ ಹುಟ್ಟಿದ ಒಂದು ಹಳೆಯ ಲೆಕ್ಕ ಹೀಗಿದೆ: ನಾನು ಸ್ನೇಹಿತನಿಗೆ ಒಂದು ಶಿಲಿಂಗ್ ಕೊಡಬೇಕು, ನನ್ನಲ್ಲಿ ಗಿನಿಗಳು ಮಾತ್ರ ಇವೆ, ಅವನಲ್ಲಿ ಲೂಯಿಗಳು ಮಾತ್ರ ಇವೆ, ಸಾಲ ತೀರಿಸುವುದು ಹೇಗೆ?

ಒಂದೇ ಒಂದು ಶಿಲಿಂಗ್, ಆದರೆ ಕೈಯಲ್ಲಿ ಇರುವುದು 21ರದ್ದು ಮತ್ತು 17ರದ್ದು. ನಾನು ಕೆಲವು ಗಿನಿಗಳನ್ನು ಕೊಡುತ್ತೇನೆ, ಅವನು ಕೆಲವು ಲೂಯಿಗಳನ್ನು ವಾಪಸು ಕೊಡುತ್ತಾನೆ, ವ್ಯತ್ಯಾಸ ಒಂದು ಶಿಲಿಂಗ್ ಆಗಬೇಕು. ಸಮೀಕರಣವಾಗಿ ಬರೆದರೆ 21x + 17y = 1. ಇಲ್ಲಿ y ಋಣಸಂಖ್ಯೆಯಾದರೆ ಅದರ ಅರ್ಥ ಅಷ್ಟು ಲೂಯಿಗಳನ್ನು ಚಿಲ್ಲರೆಯಾಗಿ ವಾಪಸು ಪಡೆದೆ ಎಂದು. ಋಣಸಂಖ್ಯೆಗೆ ಇಷ್ಟು ಸ್ಪಷ್ಟವಾದ ವ್ಯಾವಹಾರಿಕ ಅರ್ಥವಿರುವ ಲೆಕ್ಕಗಳು ವಿರಳ, ಅದಕ್ಕಾಗಿಯೇ ಈ ಉದಾಹರಣೆ ನನಗೆ ಬಹಳ ಇಷ್ಟ.

ಉತ್ತರವನ್ನು ಊಹಿಸುತ್ತ ಕೂರಬೇಕಿಲ್ಲ. ಮಹತ್ತಮ ಸಾಮಾನ್ಯ ಅಪವರ್ತನವನ್ನು, ಅಂದರೆ ಮ.ಸಾ.ಅ.ವನ್ನು, ಕಂಡುಹಿಡಿಯಲು ಶಾಲೆಯಲ್ಲಿ ಕಲಿಸುವ ಯೂಕ್ಲಿಡ್‌ನ ಭಾಗಾಕಾರ ಕ್ರಮವನ್ನು ನೆನಪಿಸಿಕೊಳ್ಳಿ. 21ನ್ನು 17ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 4. ಈಗ 17ನ್ನು ಆ 4ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 1. ಶೇಷ ಒಂದಕ್ಕೆ ಇಳಿಯಿತು, ಆದ್ದರಿಂದ ಮ.ಸಾ.ಅ. 1. ಸಾಮಾನ್ಯವಾಗಿ ನಾವು ಇಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಅಳಿಸಿಬಿಡುತ್ತೇವೆ. ಆದರೆ ಬೇಕಾದ ಉತ್ತರ ಆ ಅಳಿಸಿಬಿಡುವ ಹಂತಗಳಲ್ಲೇ ಇದೆ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಹಂತ ಹೇಳುವುದು 1 = 17 − 4 × 4 ಎಂದು. ಮೊದಲ ಹಂತ ಹೇಳುವುದು 4 = 21 − 17 ಎಂದು. ಮೊದಲ ಹಂತವನ್ನು ಕೊನೆಯ ಹಂತದ ಒಳಗೆ ಇಟ್ಟರೆ:

1 = 17 − 4 × (21 − 17) = 5 × 17 − 4 × 21

ಐದು ಲೂಯಿಗಳು 85 ಶಿಲಿಂಗ್, ನಾಲ್ಕು ಗಿನಿಗಳು 84 ಶಿಲಿಂಗ್, ವ್ಯತ್ಯಾಸ ಒಂದು. ಅಂದರೆ ಐದು ಲೂಯಿ ಕೊಟ್ಟು ನಾಲ್ಕು ಗಿನಿ ವಾಪಸು ಪಡೆದರೆ ಒಂದು ಶಿಲಿಂಗ್ ಸಂದಾಯವಾದಂತೆ.

ಆದರೆ ನಮ್ಮ ಲೆಕ್ಕದಲ್ಲಿ ಗಿನಿಗಳಿರುವುದು ನನ್ನಲ್ಲಿ, ಲೂಯಿಗಳಿರುವುದು ಸ್ನೇಹಿತನಲ್ಲಿ. ದೊರೆತ ಉತ್ತರ ಸರಿಯಾಗಿದ್ದರೂ ದಿಕ್ಕು ತಿರುವುಮುರುವಾಗಿದೆ. ಇಲ್ಲಿ ನಮಗೆ ಬೇಕಾಗುವುದು ಒಂದು ಸರಳ ವಿನಿಮಯ: 17 ಗಿನಿಗಳ ಬೆಲೆ 357 ಶಿಲಿಂಗ್, 21 ಲೂಯಿಗಳ ಬೆಲೆಯೂ 357 ಶಿಲಿಂಗ್. ಯಾವುದೇ ಪಾವತಿಯಲ್ಲಿ 17 ಗಿನಿಗಳನ್ನು ಸೇರಿಸಿ 21 ಲೂಯಿಗಳನ್ನು ತೆಗೆದರೆ ಮೊತ್ತ ಬದಲಾಗುವುದಿಲ್ಲ. ಋಣ ನಾಲ್ಕು ಗಿನಿಗಳಿಗೆ 17 ಸೇರಿಸಿದರೆ 13. ಐದು ಲೂಯಿಗಳಿಂದ 21 ಕಳೆದರೆ ಋಣ 16. ಹದಿಮೂರು ಗಿನಿಗಳು 273 ಶಿಲಿಂಗ್, ಹದಿನಾರು ಲೂಯಿಗಳು 272 ಶಿಲಿಂಗ್. ನಾನು 13 ಗಿನಿ ಕೊಟ್ಟು 16 ಲೂಯಿ ವಾಪಸು ಪಡೆದರೆ ಸಾಲ ತೀರಿತು.

ಇದಕ್ಕಿಂತ ಚಿಕ್ಕ ವಿನಿಮಯ ಏಕಿಲ್ಲ ಎಂಬುದನ್ನೂ ನೋಡಿಬಿಡೋಣ, ಏಕೆಂದರೆ ಎಲ್ಲ ಉತ್ತರಗಳೂ ನಮ್ಮ ಕೈಗೆ ಸಿಕ್ಕಿವೆ ಎಂಬ ಭರವಸೆ ಬರುವುದು ಇಲ್ಲಿಂದಲೇ. a ಗಿನಿಗಳೂ b ಲೂಯಿಗಳೂ ಸಮಬೆಲೆಯಾಗಿದ್ದರೆ 21a = 17b. ಬಲಭಾಗ 17ರ ಗುಣಕ, ಆದ್ದರಿಂದ ಎಡಭಾಗವೂ 17ರ ಗುಣಕ. 21ಕ್ಕೂ 17ಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಕಾರಣ ಆ 17 ಬರಬೇಕಾದದ್ದು a ಒಳಗಿನಿಂದಲೇ. ಹೀಗಾಗಿ ಒಂದು ಪಾವತಿಯಿಂದ ಇನ್ನೊಂದು ಪಾವತಿಗೆ ಹೋಗುವ ಹೆಜ್ಜೆ ಯಾವಾಗಲೂ 17 ಗಿನಿಗಳು ಮತ್ತು 21 ಲೂಯಿಗಳು, ಅಥವಾ ಅವುಗಳ ಪೂರ್ಣಾಂಕ ಮಡಿಗಳು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳಬೇಕು. ಭಾಗಾಕಾರದ ಹಂತಗಳನ್ನು ಹಿಮ್ಮುಖವಾಗಿ ಓದುವ ಈ ಕ್ರಮ ನಮ್ಮಲ್ಲಿ ಬಹಳ ಹಳೆಯದು. ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದ ಮುಗಿಯುವುದೇ ಇದರಿಂದ. ಇದಕ್ಕೆ ಕುಟ್ಟಕ ಎಂಬ ಹೆಸರು ನೆಲೆನಿಂತಿತು. 629ರಲ್ಲಿ ಮೊದಲನೆಯ ಭಾಸ್ಕರ ತನ್ನ ಭಾಷ್ಯದಲ್ಲಿ ಅದನ್ನು ವಿಸ್ತಾರವಾಗಿ ಬಿಡಿಸಿ ತೋರಿಸಿದ. ಭಾಗಲಬ್ಧಗಳನ್ನು ಒಂದರ ಕೆಳಗೆ ಒಂದರಂತೆ ಬಳ್ಳಿಯ ಹಾಗೆ ಬರೆದು, ತುದಿಯಿಂದ ಮೇಲಕ್ಕೆ ಗುಣಿಸುತ್ತ ಕೂಡಿಸುತ್ತ ಹೋಗುವುದು ಅದರ ರೂಢಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಇದರ ಒಂದು ಸೊಗಸಾದ ಲೆಕ್ಕವಿದೆ. ಕಾಡಿನ ಅಂಚಿನಲ್ಲಿ ಒಂದೇ ಸಂಖ್ಯೆಯ ಬಾಳೆಹಣ್ಣುಗಳಿರುವ 63 ರಾಶಿಗಳು, ಜೊತೆಗೆ ಬಿಡಿಯಾಗಿ ಏಳು ಹಣ್ಣುಗಳು. ಎಲ್ಲವನ್ನೂ 23 ಮಂದಿ ಪ್ರಯಾಣಿಕರು ಸಮನಾಗಿ ಹಂಚಿಕೊಂಡರು. ರಾಶಿಗೆ ಎಷ್ಟು ಹಣ್ಣು? ಪ್ರತಿಯೊಬ್ಬನಿಗೆ y ಹಣ್ಣು, ರಾಶಿಗೆ x ಹಣ್ಣು ಎಂದರೆ 23y − 63x = 7. ಇದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, 23ರ ನಾಣ್ಯಗಳನ್ನು ಕೊಟ್ಟು 63ರ ನಾಣ್ಯಗಳನ್ನು ವಾಪಸು ಪಡೆದು ಏಳನ್ನು ಸಂದಾಯ ಮಾಡುವುದು. ಅತಿ ಚಿಕ್ಕ ಉತ್ತರ ರಾಶಿಗೆ 5 ಹಣ್ಣು, ತಲೆಗೆ 14. ಒಟ್ಟು 322 ಹಣ್ಣುಗಳು. ಮಾನ್ಯಖೇಟದ ಅರಸನ ಆಶ್ರಯದಲ್ಲಿ ಬಿಡಿಸಿದ ಲೆಕ್ಕವೂ ಲಂಡನ್ನಿನ ಗಿನಿಯ ಲೆಕ್ಕವೂ ಸಂಖ್ಯೆಗಳನ್ನು ಬಿಟ್ಟರೆ ಒಂದೇ.

ಈಗ ಚಿಲ್ಲರೆ ವಾಪಸು ಸಿಗದ ಪಾವತಿಗೆ ಬರೋಣ. ನನ್ನ ಪೆಟ್ಟಿಗೆಯಲ್ಲಿ ಗಿನಿಗಳೂ ಇವೆ, ಲೂಯಿಗಳೂ ಇವೆ. 500 ಶಿಲಿಂಗ್ ಸರಿಯಾಗಿ ಎಣಿಸಿ ಕೊಡಬೇಕು. ಒಂದು ಶಿಲಿಂಗಿಗೆ ಋಣ 4 ಗಿನಿ ಮತ್ತು 5 ಲೂಯಿ ಎಂದು ಗೊತ್ತಿರುವುದರಿಂದ ಅದನ್ನೇ 500ರಿಂದ ಗುಣಿಸಿದರೆ ಋಣ 2000 ಗಿನಿ, 2500 ಲೂಯಿ. ಲೆಕ್ಕ ಸರಿ, ಆದರೆ ಯಾರೂ ಹಾಗೆ ಕೊಡುವುದಿಲ್ಲ. ಆದ್ದರಿಂದ ನಮ್ಮ ವಿನಿಮಯವನ್ನು t ಸಲ ಮಾಡೋಣ:

x = −2000 + 17t
y = 2500 − 21t

ಎರಡೂ ಸೊನ್ನೆಗಿಂತ ಕಡಿಮೆಯಾಗಬಾರದು. ಮೊದಲನೆಯದರಿಂದ t ಎಂಬುದು 2000/17ಕ್ಕಿಂತ, ಅಂದರೆ ಸುಮಾರು 117.6ಕ್ಕಿಂತ ಕಡಿಮೆ ಇರಬಾರದು. ಎರಡನೆಯದರಿಂದ ಅದು 2500/21ಕ್ಕಿಂತ, ಅಂದರೆ ಸುಮಾರು 119.05ಕ್ಕಿಂತ ಹೆಚ್ಚಿರಬಾರದು. ನಡುವೆ ಇರುವ ಪೂರ್ಣಾಂಕಗಳು 118 ಮತ್ತು 119 ಮಾತ್ರ. t = 118 ಆದಾಗ 6 ಗಿನಿ ಮತ್ತು 22 ಲೂಯಿ: 126 ಮತ್ತು 374 ಸೇರಿ 500. t = 119 ಆದಾಗ 23 ಗಿನಿ ಮತ್ತು 1 ಲೂಯಿ: 483 ಮತ್ತು 17 ಸೇರಿ 500. ಇರುವುದು ಎರಡೇ ದಾರಿಗಳು. ಕಡಿಮೆ ನಾಣ್ಯಗಳು ಬೇಕೆಂದರೆ ಎರಡನೆಯದು.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗವಿದೆ. 117.6ನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿದೂಗಿಸುವ ಪ್ರಶ್ನೆಯೇ ಇಲ್ಲ. ಕೆಳಗಿನ ಮಿತಿಯನ್ನು ಯಾವಾಗಲೂ ಮೇಲಕ್ಕೆ, ಮೇಲಿನ ಮಿತಿಯನ್ನು ಯಾವಾಗಲೂ ಕೆಳಕ್ಕೆ ಸರಿಸಬೇಕು. ಮೇಲಿನ ಮಿತಿ 119.9 ಆಗಿದ್ದರೂ 120 ಒಪ್ಪಿತವಲ್ಲ. ತಪ್ಪಿದ್ದರೆ ಅದು ಕೂಡಲೇ ಬೆಳಕಿಗೆ ಬರುತ್ತದೆ, ಏಕೆಂದರೆ x ಅಥವಾ y ಋಣವಾಗಿಬಿಡುತ್ತದೆ; ಆದರೆ ಮೊತ್ತ ಮಾತ್ರ 500 ಎಂದೇ ಬರುವುದರಿಂದ, ಮೊತ್ತವನ್ನಷ್ಟೇ ತಾಳೆ ನೋಡುವವರಿಗೆ ಅದು ಕಾಣದೆಯೂ ಹೋಗಬಹುದು.

ಇನ್ನೂ ಹಗುರವಾದ ಒಂದು ದಾರಿಯೂ ಇದೆ, ಕೈಯಲ್ಲಿ ಲೆಕ್ಕ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಲೂಯಿಗಳ ಭಾಗ ಎಷ್ಟಿದ್ದರೂ 17ರ ಗುಣಕವೇ, ಆದ್ದರಿಂದ ಎಲ್ಲವನ್ನೂ 17ರಿಂದ ಭಾಗಿಸಿ ಶೇಷಗಳನ್ನು ಮಾತ್ರ ಇಟ್ಟುಕೊಳ್ಳಿ. 21ರ ಶೇಷ 4, 500ರ ಶೇಷ 7. ನಾಲ್ಕರ ಯಾವ ಗುಣಕವನ್ನು 17ರಿಂದ ಭಾಗಿಸಿದರೆ 7 ಉಳಿಯುತ್ತದೆ? 24. ಆದ್ದರಿಂದ ಗಿನಿಗಳು 6, ನಂತರ 23. ಎರಡು ಸಾವಿರದಂತಹ ಸಂಖ್ಯೆಗಳ ಮುಖ ನೋಡದೆಯೇ ಅದೇ ಉತ್ತರ ಬಂದಿತು.

ದೊಡ್ಡ ನಾಣ್ಯವನ್ನು ಮೊದಲು ಆದಷ್ಟೂ ಕೊಟ್ಟು ಉಳಿದದ್ದನ್ನು ಚಿಕ್ಕದರಿಂದ ತುಂಬುವುದು ನಮಗೆಲ್ಲ ಅಭ್ಯಾಸವಾಗಿರುವ ಪದ್ಧತಿ. 500ಕ್ಕೆ ಅದು ಅದೃಷ್ಟವಶಾತ್ ಫಲಿಸುತ್ತದೆ. 320 ಶಿಲಿಂಗಿಗೆ ಮಾಡಿ ನೋಡಿ. 15 ಗಿನಿಗಳು 315, ಉಳಿದದ್ದು 5, ಅದಕ್ಕೆ ನಾಣ್ಯವಿಲ್ಲ. ಹಾಗೆಂದು 320 ಅಸಾಧ್ಯ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. 320ನ್ನು 17ರಿಂದ ಭಾಗಿಸಿದರೆ ಶೇಷ 14; 4 × 12 = 48, ಅದರ ಶೇಷವೂ 14. ಆದ್ದರಿಂದ 12 ಗಿನಿಗಳು 252, ಉಳಿದ 68ಕ್ಕೆ 4 ಲೂಯಿಗಳು. ದೊಡ್ಡ ನಾಣ್ಯಗಳನ್ನು ಮೂರು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ದಾರಿ ತೆರೆಯುತ್ತದೆ, ಮತ್ತು ಎಷ್ಟು ಹಿಂದಕ್ಕೆ ಸರಿಯಬೇಕೆಂಬುದನ್ನು ಶೇಷವೇ ಹೇಳುತ್ತದೆ.

ಈಗ 319ನ್ನು ತೆಗೆದುಕೊಳ್ಳಿ. ಶೇಷ 13; 4 × 16 = 64, ಶೇಷ 13. ಹದಿನಾರು ಗಿನಿಗಳು ಬೇಕು, ಆದರೆ ಅವು 336 ಶಿಲಿಂಗ್, 319ಕ್ಕಿಂತ 17 ಹೆಚ್ಚು. ಅಂದರೆ 16 ಗಿನಿ ಕೊಟ್ಟು ಒಂದು ಲೂಯಿ ವಾಪಸು ಪಡೆಯಬೇಕು. ಇನ್ನೊಂದು ದಿಕ್ಕಿಗೆ ಒಂದು ಹೆಜ್ಜೆ ಹೋದರೆ 20 ಲೂಯಿ ಕೊಟ್ಟು ಒಂದು ಗಿನಿ ವಾಪಸು. ಎರಡೂ ಕಡೆ ಒಂದೇ ಒಂದು ನಾಣ್ಯದ ಕೊರತೆಯಿಂದ ತಪ್ಪಿಹೋಗುತ್ತದೆ, ನಡುವೆ ಬೇರೆ ದಾರಿಯಿಲ್ಲ. ಹೀಗಾಗಿ ಚಿಲ್ಲರೆ ಇಲ್ಲದೆ 319 ಶಿಲಿಂಗ್ ಕೊಡುವುದು ಅಸಾಧ್ಯ. ಗಮನಿಸಬೇಕಾದ ಸಂಗತಿಯೆಂದರೆ ಅಸಾಧ್ಯ ಮೊತ್ತಗಳಲ್ಲಿ ಇದೇ ಕೊನೆಯದು: 320ರಿಂದ ಮುಂದೆ ಯಾವ ಮೊತ್ತವನ್ನು ಹೇಳಿದರೂ ಗಿನಿ ಮತ್ತು ಲೂಯಿಗಳಿಂದ ಸರಿಯಾಗಿ ಕೊಡಬಹುದು.

ಏಕೆ ಎಂಬುದನ್ನು ನಿಧಾನವಾಗಿ ನೋಡೋಣ. ಗಿನಿಗಳ ಸಂಖ್ಯೆಯನ್ನು ನಾವು 17ರ ಹೆಜ್ಜೆಗಳಲ್ಲಿ ಬದಲಿಸಬಹುದಾದ್ದರಿಂದ, ಯಾವ ಮೊತ್ತಕ್ಕಾದರೂ ಗಿನಿಗಳು 0ಯಿಂದ 16ರ ಒಳಗೆ ಇರುವಂತಹ ಒಂದು, ಮತ್ತು ಒಂದೇ ಒಂದು, ಬರಹ ಇರುತ್ತದೆ. ಇದಕ್ಕೆ ಆ ಮೊತ್ತದ ಮೂಲ ಬರಹ ಎನ್ನೋಣ. ಅದರಲ್ಲಿ ಲೂಯಿಗಳ ಸಂಖ್ಯೆ ಸೊನ್ನೆ ಅಥವಾ ಹೆಚ್ಚಾಗಿದ್ದರೆ ಮೊತ್ತವನ್ನು ಕೊಡಬಹುದು. ಅದು ಋಣವಾಗಿದ್ದರೆ ಕೊಡಲಾಗದು, ಏಕೆಂದರೆ ಗಿನಿಗಳನ್ನು 17 ಹೆಚ್ಚಿಸಿದರೆ ಲೂಯಿಗಳು ಇನ್ನಷ್ಟು ಋಣವಾಗುತ್ತವೆ, 17 ಇಳಿಸಿದರೆ ಗಿನಿಗಳೇ ಋಣವಾಗುತ್ತವೆ. ಹಾಗಾದರೆ ಕೊಡಲಾಗದ ಮೊತ್ತಗಳಲ್ಲಿ ಅತಿ ದೊಡ್ಡದು ಯಾವುದು? ಗಿನಿಗಳು ಗರಿಷ್ಠ, ಅಂದರೆ 16, ಮತ್ತು ಲೂಯಿಗಳು ಋಣವಾಗಿದ್ದೂ ಆದಷ್ಟು ಹೆಚ್ಚು, ಅಂದರೆ ಋಣ 1. 336 − 17 = 319. ಇದೇ ತರ್ಕ ಸಾಮಾನ್ಯ ಅಪವರ್ತನವಿಲ್ಲದ ಯಾವ ಜೋಡಿಗೂ ಸಲ್ಲುತ್ತದೆ: ನಾಣ್ಯಗಳ ಬೆಲೆ a ಮತ್ತು b ಆಗಿದ್ದರೆ ಕೊನೆಯ ಅಸಾಧ್ಯ ಮೊತ್ತ ab − a − b. ನಮ್ಮ ಐದು ಮತ್ತು ಎರಡು ರೂಪಾಯಿಗಳಿಗೆ ಅದು 10 − 7, ಅಂದರೆ ಮೂರೇ ರೂಪಾಯಿ. ನಾಲ್ಕರಿಂದ ಮುಂದೆ ಎಲ್ಲವೂ ಸಾಧ್ಯ.

ಇದೇ ಬರಹದಿಂದ ಇನ್ನೊಂದು ಫಲವೂ ತಾನಾಗಿ ಉದುರುತ್ತದೆ. ಒಂದು ಮೊತ್ತದ ಮೂಲ ಬರಹ x ಗಿನಿ ಮತ್ತು y ಲೂಯಿ ಆಗಿದ್ದರೆ, 319ರಿಂದ ಅದನ್ನು ಕಳೆದು ಬರುವ ಮೊತ್ತದ ಮೂಲ ಬರಹ 16 − x ಗಿನಿ ಮತ್ತು −1 − y ಲೂಯಿ. y ಸೊನ್ನೆ ಅಥವಾ ಹೆಚ್ಚಾದಾಗ −1 − y ಋಣ. y ಋಣವಾದಾಗ −1 − y ಸೊನ್ನೆ ಅಥವಾ ಹೆಚ್ಚು. ಆದ್ದರಿಂದ ಎರಡು ಮೊತ್ತಗಳು ಕೂಡಿ 319 ಆಗುವಂತಿದ್ದರೆ ಅವುಗಳಲ್ಲಿ ಒಂದನ್ನು ಕೊಡಬಹುದು, ಇನ್ನೊಂದನ್ನು ಕೊಡಲಾಗದು. 17 ಸಾಧ್ಯ, ಹಾಗಾಗಿ 302 ಅಸಾಧ್ಯ. ಸೊನ್ನೆ ಸಾಧ್ಯ, ಹಾಗಾಗಿ 319 ಅಸಾಧ್ಯ. 0ಯಿಂದ 319ರವರೆಗಿನ 320 ಮೊತ್ತಗಳಲ್ಲಿ ಸರಿಯಾಗಿ ಅರ್ಧ, 160, ಅಸಾಧ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಗಣಿತಜ್ಞ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಈ ಎಣಿಕೆಯನ್ನು (a − 1)(b − 1)/2 ಎಂದು ಸಾಮಾನ್ಯ ರೂಪದಲ್ಲಿ ಕೊಟ್ಟ.

ಇಲ್ಲಿಯವರೆಗೆ ಮ.ಸಾ.ಅ. ಒಂದೇ ಆಗಿದ್ದ ಜೋಡಿಗಳನ್ನು ನೋಡಿದೆವು. ಹಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಬ್ರಿಟಿಷ್ ನಾಣ್ಯಗಳೇ ಒಳ್ಳೆಯ ಉದಾಹರಣೆ. 1849ರಲ್ಲಿ ಬಂದ ಫ್ಲಾರಿನ್ ಎರಡು ಶಿಲಿಂಗಿನದು, ಅಂದರೆ 24 ಪೆನ್ಸ್; ಅದರ ಜೊತೆಗೇ ಚಲಾವಣೆಯಲ್ಲಿದ್ದ ಅರ್ಧ ಕ್ರೌನ್ 30 ಪೆನ್ಸ್. ಎರಡರ ಮ.ಸಾ.ಅ. 6. ಇವುಗಳಿಂದ ಕೊಡುವ, ವಾಪಸು ಪಡೆಯುವ ಯಾವ ಮೊತ್ತವೂ ಆರರ ಗುಣಕವಾಗಿಯೇ ಇರುತ್ತದೆ. ಒಂದು ಶಿಲಿಂಗನ್ನು, ಅಂದರೆ 12 ಪೆನ್ಸನ್ನು, ಚಿಲ್ಲರೆ ಪಡೆದಾದರೂ ಸಂದಾಯ ಮಾಡಬಹುದು: ಮೂರು ಫ್ಲಾರಿನ್ ಕೊಟ್ಟು ಎರಡು ಅರ್ಧ ಕ್ರೌನ್ ವಾಪಸು. ಆದರೆ ಹತ್ತು ಪೆನ್ಸನ್ನು, ಪೆಟ್ಟಿಗೆ ತುಂಬ ನಾಣ್ಯಗಳಿದ್ದರೂ, ಯಾವ ಕೊಡುಕೊಳ್ಳುವಿಕೆಯಿಂದಲೂ ಸಂದಾಯ ಮಾಡಲಾಗದು. 319 ಶಿಲಿಂಗಿನ ಅಸಾಧ್ಯತೆಯೂ ಇದೂ ಒಂದೇ ಬಗೆಯವಲ್ಲ. ಅಲ್ಲಿ ಚಿಲ್ಲರೆ ಸಿಕ್ಕರೆ ಬಿಕ್ಕಟ್ಟು ಬಗೆಹರಿಯುತ್ತದೆ; ಇಲ್ಲಿ ಚಿಲ್ಲರೆಯೂ ನೆರವಾಗದು. ಆದ್ದರಿಂದ ಲೆಕ್ಕ ಬಿಡಿಸಲು ತೊಡಗುವ ಮೊದಲೇ ಮ.ಸಾ.ಅ. ಮೊತ್ತವನ್ನು ಭಾಗಿಸುತ್ತದೆಯೇ ಎಂದು ನೋಡಿಬಿಡಬೇಕು.

ಭಾಗಿಸಿದರೆ ಸಮೀಕರಣವನ್ನೇ ಅದರಿಂದ ಭಾಗಿಸಿ ಚಿಕ್ಕದು ಮಾಡಿಕೊಳ್ಳಬೇಕು. 258 ಪೆನ್ಸ್ ಕೊಡಬೇಕೆಂದರೆ 24x + 30y = 258 ಎಂಬುದು 4x + 5y = 43 ಆಗುತ್ತದೆ. ಎರಡು ಫ್ಲಾರಿನ್, ಏಳು ಅರ್ಧ ಕ್ರೌನ್ ಒಂದು ಉತ್ತರ. ಇಲ್ಲಿ ವಿನಿಮಯದ ಹೆಜ್ಜೆ ಐದು ಫ್ಲಾರಿನ್‌ಗೆ ನಾಲ್ಕು ಅರ್ಧ ಕ್ರೌನ್, ಎರಡೂ ಹತ್ತು ಶಿಲಿಂಗ್. ಆದ್ದರಿಂದ ಏಳು ಫ್ಲಾರಿನ್, ಮೂರು ಅರ್ಧ ಕ್ರೌನ್ ಇನ್ನೊಂದು ಉತ್ತರ. ಭಾಗಿಸುವುದನ್ನು ಮರೆತು 30 ಮತ್ತು 24ರ ಹೆಜ್ಜೆ ಇಟ್ಟವರು ಮೊದಲ ಉತ್ತರದಿಂದ ನೇರವಾಗಿ 32 ಫ್ಲಾರಿನ್‌ಗೆ ಹಾರಿ, ಅರ್ಧ ಕ್ರೌನ್ ಋಣವಾದುದನ್ನು ಕಂಡು, ಉತ್ತರ ಒಂದೇ ಎಂದುಕೊಳ್ಳುತ್ತಾರೆ. ಅವರಿಗೆ ದೊರೆತ ಉತ್ತರ ತಪ್ಪಲ್ಲ, ಆದ್ದರಿಂದ ತಾಳೆ ನೋಡಿದರೂ ಈ ದೋಷ ಕಾಣುವುದಿಲ್ಲ. ಹೆಜ್ಜೆಯ ಎರಡು ಸಂಖ್ಯೆಗಳಿಗೆ ಒಂದಕ್ಕಿಂತ ಹೆಚ್ಚಿನ ಸಾಮಾನ್ಯ ಅಪವರ್ತನವಿದೆಯೇ ಎಂದು ಕೇಳಿಕೊಂಡರೆ ಮಾತ್ರ ಅದು ಹೊರಬೀಳುತ್ತದೆ.

ಮೂರನೆಯ ಬಗೆಯ ನಾಣ್ಯ ಸೇರಿದರೆ ಏನಾಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಗಿನಿ ಮತ್ತು ಲೂಯಿಗಳ ಜೊತೆಗೆ ಐದು ಶಿಲಿಂಗಿನ ಕ್ರೌನ್ ಇದೆ ಎನ್ನೋಣ. ಈಗ ಐದರಿಂದ ಭಾಗಿಸಿದ ಶೇಷಗಳನ್ನು ನೋಡಬೇಕು, ಏಕೆಂದರೆ ಒಂದು ಶೇಷದ ಯಾವುದಾದರೂ ಮೊತ್ತ ಸಾಧ್ಯವಾದರೆ ಅದಕ್ಕೆ ಕ್ರೌನ್‌ಗಳನ್ನು ಸೇರಿಸುತ್ತ ಅದೇ ಶೇಷದ ಮುಂದಿನ ಎಲ್ಲ ಮೊತ್ತಗಳನ್ನೂ ತಲುಪಬಹುದು. ಶೇಷ 1ಕ್ಕೆ ಗಿನಿ ಒಂದರಿಂದ ದೊರೆಯುವ 21, ಶೇಷ 2ಕ್ಕೆ ಲೂಯಿ ಒಂದರಿಂದ 17, ಶೇಷ 4ಕ್ಕೆ ಎರಡು ಲೂಯಿಗಳಿಂದ 34, ಶೇಷ 3ಕ್ಕೆ ಎರಡೂ ಒಂದೊಂದು ಸೇರಿ 38. ಎಲ್ಲಕ್ಕಿಂತ ತಡವಾಗಿ ಬರುವುದು 38. ಅದರಿಂದ ಒಂದು ಕ್ರೌನ್ ಕಳೆದರೆ 33. ಒಂದು ನಾಣ್ಯ ಸೇರಿದ್ದಕ್ಕೆ ಕೊನೆಯ ಅಸಾಧ್ಯ ಮೊತ್ತ 319ರಿಂದ 33ಕ್ಕೆ ಇಳಿಯಿತು. ಎರಡು ನಾಣ್ಯಗಳಿಗೆ ದೊರೆತ ab − a − b ಎಂಬಂತಹ ಒಂದೇ ಸಾಲಿನ ಸೂತ್ರ ಮೂರು ನಾಣ್ಯಗಳಿಗೆ ದೊರೆಯುವುದಿಲ್ಲ. ಪ್ರತಿ ಸಲವೂ ಹೀಗೆಯೇ, ಅತಿ ಚಿಕ್ಕ ನಾಣ್ಯದ ಶೇಷಗಳನ್ನು ಒಂದೊಂದಾಗಿ ತುಂಬುತ್ತ ಹೋಗಬೇಕು.